ಪಿಎಸ್5, 55 ಇಂಚಿನ ಟಿವಿ, ಎರಡು ನಿಮಿಷದ ಕರೆಂಟ್ ಕಟ್: ಎಷ್ಟು ವಿಎ ಬೇಕು?

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಮನೆ. ಮಳೆ ಹಿಡಿದರೆ ದಿನಕ್ಕೆ ಐದಾರು ಸಲ ಕರೆಂಟ್ ಹೋಗಿ ಎರಡು ಮೂರು ನಿಮಿಷಕ್ಕೆ ಬರುತ್ತದೆ. ಪಿಎಸ್5, 55 ಇಂಚಿನ ಎಲ್‌ಇಡಿ ಟಿವಿ ಇದೆ. ಮನೆಗೆ 900 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ ಇದ್ದರೂ ಕರೆಂಟ್ ಹೋದ ಕ್ಷಣ ಪಿಎಸ್5 ಆಫ್ ಆಗುತ್ತದೆ, ಟಿವಿ ಮಾತ್ರ ಉಳಿಯುತ್ತದೆ. ಅಂಗಡಿಯವರು 600 ವಿಎ ಯುಪಿಎಸ್ ತಗೊಳ್ಳಿ ಅನ್ನುತ್ತಾರೆ. ಸಾಕಾಗುತ್ತದೆಯೇ?

ಉತ್ತರ: 600 ವಿಎ ಸಾಲುವುದಿಲ್ಲ. ಯುಪಿಎಸ್ ಕೊಳ್ಳಲೇಬೇಕಾದರೆ 1000 ವಿಎ, 600 ವಾಟಿನದು, ಒಳಗೆ ಎರಡು ಬ್ಯಾಟರಿ ಇರುವಂಥದ್ದು ಬೇಕು. ಆದರೆ ದುಡ್ಡು ಬಿಚ್ಚುವ ಮೊದಲು ಇನ್ವರ್ಟರಿನ ಹಿಂದೆ ಒಂದು ಸಣ್ಣ ಸ್ವಿಚ್ ಇದೆಯೇ ನೋಡಿ. ನಿಮ್ಮ ತೊಂದರೆ ಅಲ್ಲಿಗೇ ಮುಗಿದರೂ ಮುಗಿಯಬಹುದು.

ಟಿವಿ ಉಳಿದು ಪಿಎಸ್5 ಮಾತ್ರ ಸಾಯುತ್ತದೆ ಎಂದು ಬರೆದಿದ್ದೀರಲ್ಲ, ಕಾರಣದ ಸುಳಿವು ಅದರಲ್ಲೇ ಇದೆ. ಕರೆಂಟ್ ಹೋದದ್ದನ್ನು ಗಮನಿಸಿ, ರಿಲೇ ತಿರುಗಿಸಿ, ಬ್ಯಾಟರಿಯಿಂದ ಕೊಡಲು ಇನ್ವರ್ಟರಿಗೆ ಒಂದಷ್ಟು ಮಿಲಿಸೆಕೆಂಡ್ ಬೇಕು. ಆ ಹೊತ್ತಿನಲ್ಲಿ ಉಪಕರಣಕ್ಕೆ ಎಲ್ಲಿಂದಲೂ ಕರೆಂಟ್ ಇರುವುದಿಲ್ಲ. ತನ್ನ ಪವರ್ ಸಪ್ಲೈಯ ಕೆಪಾಸಿಟರಿನಲ್ಲಿ ತುಂಬಿಕೊಂಡಿರುವ ಶಕ್ತಿಯಲ್ಲೇ ಅದು ಬದುಕಬೇಕು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಪೂರ್ತಿ ಅಲೆ 20 ಮಿಲಿಸೆಕೆಂಡ್. ಇಂಥ ಪವರ್ ಸಪ್ಲೈಗಳು ಪೂರ್ತಿ ಹೊರೆ ಇದ್ದಾಗ ಸುಮಾರು ಒಂದು ಅಲೆಯಷ್ಟು ಹೊತ್ತು ತಡೆದುಕೊಳ್ಳುತ್ತವೆ, ಹೊರೆ ಕಡಿಮೆ ಇದ್ದರೆ ಇನ್ನಷ್ಟು. ಟಿವಿ ಎಳೆಯುವುದು ನೂರು ವಾಟಿನ ಆಸುಪಾಸು, ಹಾಗಾಗಿ ಅದು ದಾಟಿಬಿಡುತ್ತದೆ. ಆಟ ನಡೆಯುತ್ತಿರುವ ಪಿಎಸ್5 ಎಳೆಯುವುದು ಇನ್ನೂರು ವಾಟ್. ಅದರ ಕೆಪಾಸಿಟರ್ ಬೇಗ ಬರಿದಾಗುತ್ತದೆ.

ಈಗ ಆ ಸ್ವಿಚ್ಚಿನ ವಿಷಯ. ನಮ್ಮಲ್ಲಿ ಸಿಗುವ ಬಹಳಷ್ಟು ಮನೆ ಇನ್ವರ್ಟರುಗಳಲ್ಲಿ ಎರಡು ಮೋಡ್ ಇರುತ್ತವೆ. ಒಂದರ ಹೆಸರು ಯುಪಿಎಸ್, ಇನ್ನೊಂದರದ್ದು ಕಂಪನಿಗೆ ತಕ್ಕಂತೆ ಇಕೋ, ನಾರ್ಮಲ್ ಅಥವಾ ವೈಡ್. ಇಕೋ ಮೋಡಿನಲ್ಲಿ ಬದಲಾವಣೆಗೆ 40 ಮಿಲಿಸೆಕೆಂಡ್‌ವರೆಗೂ ಹಿಡಿಯಬಹುದು. ಫ್ಯಾನಿಗೆ, ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಪಿಎಸ್5ಗೆ ಅದೇ ಸಾವು. ಯುಪಿಎಸ್ ಮೋಡಿನಲ್ಲಿ ಅದು 10ರಿಂದ 15 ಮಿಲಿಸೆಕೆಂಡಿಗೆ ಇಳಿಯುತ್ತದೆ. ಕೂರಿಸುವಾಗ ಇಕೋಗೆ ಹಾಕಿ ಹೋದರೆ ಆಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಕೆಲವು ಮಾದರಿಗಳಲ್ಲಿ ಸ್ವಿಚ್ ಮುಂದೆಯೇ ಇರುತ್ತದೆ, ಕೆಲವದರಲ್ಲಿ ಬಟನ್ ಒತ್ತಿಹಿಡಿದು ಡಿಸ್‌ಪ್ಲೇಯಲ್ಲಿ ಬದಲಿಸಬೇಕು.

ಮೋಡ್ ಬದಲಿಸಿದರೆ ಒಂದು ಅಡ್ಡ ಪರಿಣಾಮವಿದೆ, ಹಳ್ಳಿ ಕಡೆಯ ಲೈನಿಗೆ ಅದು ಮುಖ್ಯ. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಸಾಮಾನ್ಯವಾಗಿ 180ರಿಂದ 260 ವೋಲ್ಟಿನೊಳಗಿನ ಕರೆಂಟನ್ನು ಮಾತ್ರ ಒಪ್ಪುತ್ತದೆ. ಸಂಜೆ ಪಂಪ್‌ಸೆಟ್ಟುಗಳ ಹೊರೆಯಿಂದ ನಿಮ್ಮ ಲೈನ್ 170ಕ್ಕೆ ಇಳಿಯುತ್ತಿದ್ದರೆ, ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಹೋಗಿ ಕೂರುತ್ತದೆ; ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿ ಅರ್ಧ ಖಾಲಿಯಾಗಿರುತ್ತದೆ. ಮೋಡ್ ಬದಲಿಸಿದ ಮೇಲೆ ಎರಡು ಮೂರು ಸಂಜೆ ಡಿಸ್‌ಪ್ಲೇ ಮೇಲೆ ಕಣ್ಣಿಡಿ. ಪದೇ ಪದೇ ಟಕ್ ಟಕ್ ಎಂದು ರಿಲೇ ಸದ್ದು ಕೇಳಿದರೆ ಆ ಮೋಡ್ ನಿಮ್ಮ ಲೈನಿಗೆ ಹೊಂದುವುದಿಲ್ಲ, ಪ್ರತ್ಯೇಕ ಯುಪಿಎಸ್ಸೇ ಗತಿ.

ಮೋಡ್ ಹೊಂದಿತೋ ಇಲ್ಲವೋ ಪರೀಕ್ಷಿಸುವುದು ಹೀಗೆ. ಪಿಎಸ್5ನಲ್ಲಿ ಆಟ ಸೇವ್ ಮಾಡಿ ಹೋಮ್ ಪರದೆಗೆ ಬನ್ನಿ. ಪ್ಲಗ್ ಕೀಳಬೇಡಿ, ಇನ್ವರ್ಟರಿಗೆ ಕರೆಂಟ್ ಕೊಡುವ ಎಂಸಿಬಿಯನ್ನು ಇಳಿಸಿ. ಹಾಗೆ ಮಾಡಿದರೆ ಅರ್ಥಿಂಗ್ ತಂತಿ ತಪ್ಪುವುದಿಲ್ಲ. ಅರ್ಧ ನಿಮಿಷ ಬಿಟ್ಟು ಮತ್ತೆ ಮೇಲೆತ್ತಿ, ಏಕೆಂದರೆ ಕರೆಂಟ್ ವಾಪಸ್ ಬರುವಾಗಲೂ ಒಂದು ಬದಲಾವಣೆ ಇದೆ. ಇಷ್ಟಕ್ಕೆ ತಡೆದುಕೊಂಡರೆ ದೊಡ್ಡ ಆಟವೊಂದನ್ನು ಹಾಕಿ, ಫ್ಯಾನಿನ ಸದ್ದು ಏರಿದ ಮೇಲೆ ಅದನ್ನೇ ಐದು ಸಲ ಮಾಡಿ. ಒಂದು ಸಲ ಉಳಿದರೆ ನೆಚ್ಚಬೇಡಿ. ಅಲೆಯ ಯಾವ ಹಂತದಲ್ಲಿ ಕರೆಂಟ್ ತಪ್ಪಿತು ಎಂಬುದರ ಮೇಲೆ ಫಲ ಬದಲಾಗುತ್ತದೆ. ಹೋಮ್ ಪರದೆಯಲ್ಲಿ ಉಳಿದು ಆಟದಲ್ಲಿ ಸತ್ತರೆ ಬದಲಾವಣೆಯ ಹೊತ್ತು ಇನ್ನೂ ಉದ್ದವಿದೆ ಎಂದೇ ಅರ್ಥ.

ಐದಕ್ಕೆ ಐದು ಸಲ ಉಳಿಯಿತೆಂದುಕೊಳ್ಳೋಣ. ಆಗ ನೋಡಬೇಕಾದ್ದು ಹೊರೆ. ಪಿಎಸ್5, ಟಿವಿ, ಇಂಟರ್ನೆಟ್ ಪೆಟ್ಟಿಗೆ ಸೇರಿ ಸರಾಸರಿ 300 ವಾಟ್, ಅದೇ ಲೈನಿನಲ್ಲಿ 75 ವಾಟಿನ ಎರಡು ಫ್ಯಾನ್, 9 ವಾಟಿನ ಐದು ಬಲ್ಬ್ ಸೇರಿದರೆ ಇನ್ನೊಂದು 195. ಒಟ್ಟು 495 ವಾಟ್. 900 ವಿಎ ಇನ್ವರ್ಟರಿನ ಮೇಲೆ ವಾಟ್ ಎಷ್ಟೆಂದು ಬೇರೆ ಬರೆದಿರುತ್ತದೆ. ಅದು 700ರ ಸುಮಾರಿದ್ದರೆ ಈ ಹೊರೆ ಸರಾಗ. ಬ್ಯಾಟರಿ ಹೊಸದಿದ್ದಾಗ ಆಟದ್ದೊಂದೇ ಹೊರೆಯಾದರೆ ಮೂರರಿಂದ ನಾಲ್ಕು ಗಂಟೆ, ಫ್ಯಾನ್ ಬಲ್ಬೂ ಇದ್ದರೆ ಎರಡು ಗಂಟೆಯ ಆಸುಪಾಸು ಬರುತ್ತದೆ. ನಿಮ್ಮ ಮೂರು ನಿಮಿಷಕ್ಕೆ ಧಾರಾಳವಾಯಿತು, ಮುಂದೆ ಏನನ್ನೂ ಕೊಳ್ಳಬೇಕಿಲ್ಲ.

ಪರೀಕ್ಷೆಯಲ್ಲಿ ಸೋತರೆ, ಅಥವಾ ಇನ್ವರ್ಟರ್ ಹಳೆಯ ಸ್ಕ್ವೇರ್ ವೇವ್ ಮಾದರಿಯದ್ದಾದರೆ, ಆಗ ಯುಪಿಎಸ್ ಲೆಕ್ಕಕ್ಕೆ ಬರೋಣ. ಬ್ಯಾಟರಿಯಲ್ಲಿ ಓಡುವಾಗ ಫ್ಯಾನ್ ಗುಂಯ್ ಎಂದು ಸದ್ದು ಮಾಡುತ್ತದೆಯೇ ಕೇಳಿ, ಸ್ಕ್ವೇರ್ ವೇವ್ ಇದ್ದರೆ ಹಾಗಾಗುತ್ತದೆ.

ಮೊದಲು ನಿಮ್ಮ ಸೆಟ್ಟು ನಿಜವಾಗಿ ಎಷ್ಟು ವಾಟ್ ಎಳೆಯುತ್ತದೆ ಎಂದು ಅಳೆಯಿರಿ. ಲೇಬಲ್ ನೋಡಿ ಲೆಕ್ಕ ಹಾಕಿದರೆ ದಾರಿ ತಪ್ಪುತ್ತದೆ. ಮೊದಲ ಪಿಎಸ್5ರ ಡಿಸ್ಕ್ ಮಾದರಿಯ ಲೇಬಲ್ಲಿನಲ್ಲಿ 350 ವಾಟ್ ಎಂದಿದೆ, ಅದು ಪವರ್ ಸಪ್ಲೈಯ ಮಿತಿ. ಆಟದಲ್ಲಿ ಎಳೆಯುವುದು 200ರ ಆಚೀಚೆ. ವಾಟ್ ತೋರಿಸುವ ಸ್ಮಾರ್ಟ್ ಪ್ಲಗ್ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಮೆಸ್ಕಾಂ ಕೂರಿಸಿರುವ ನಿಮ್ಮ ಮೀಟರೇ ಸಾಕು. ಅದರ ಮೇಲೆ ಮಿಣುಕುವ ಕೆಂಪು ದೀಪವಿದೆ, ಪಕ್ಕದಲ್ಲಿ imp/kWh ಎಂದು ಒಂದು ಸಂಖ್ಯೆ, ಉದಾಹರಣೆಗೆ 3200, ಬರೆದಿರುತ್ತದೆ. ಒಂದು ಯೂನಿಟ್ ಕರೆಂಟಿಗೆ ದೀಪ 3200 ಸಲ ಮಿಣುಕುತ್ತದೆ ಎಂದರ್ಥ. ಫ್ರಿಜ್, ಫ್ಯಾನ್, ದೀಪ ಎಲ್ಲ ಆರಿಸಿ. ಇನ್ವರ್ಟರ್ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತಿದ್ದರೆ ಅದೂ ಮೀಟರಿಗೆ ಸೇರುತ್ತದೆ. ಅಳೆಯುವಷ್ಟು ಹೊತ್ತು ಇನ್ವರ್ಟರಿನ ಪ್ಲಗ್ ಆರಿಸಿ, ಟಿವಿ, ಪಿಎಸ್5, ಇಂಟರ್ನೆಟ್ ಪೆಟ್ಟಿಗೆ ಮೂರನ್ನೂ ನೇರ ಕರೆಂಟಿನ ಬೇರೆ ಸಾಕೆಟ್ಟಿಗೆ ಹಾಕಿ. ದೊಡ್ಡ ಆಟ ನಡೆಯುತ್ತಿರಲಿ. ಒಂದು ಮಿಣುಕಿಗೆ ಗಡಿಯಾರ ಶುರು ಮಾಡಿ, ಅದನ್ನು ಸೊನ್ನೆ ಎಂದು ಹಿಡಿದು ಮುಂದಿನ 20 ಎಣಿಸಿ.

```
ವಾಟ್ = 3600000 × ಮಿಣುಕು ÷ (imp/kWh × ಸೆಕೆಂಡ್)
3600000 × 20 ÷ (3200 × 75) = 300
```

20 ಮಿಣುಕಿಗೆ 75 ಸೆಕೆಂಡ್ ಹಿಡಿದರೆ ಸರಾಸರಿ 300 ವಾಟ್. ಪಿಎಸ್5ಗೆ 195, ಟಿವಿಗೆ 95, ಇಂಟರ್ನೆಟ್ ಪೆಟ್ಟಿಗೆಗೆ 10 ಎಂದು ಹಂಚಿದರೆ ನಿಮ್ಮಂಥ ಸೆಟ್ಟಿಗೆ ಸರಿಹೊಂದುವ ಸಂಖ್ಯೆಯೇ ಇದು. ಆದರೆ ಮೀಟರ್ ತೋರಿಸುವುದು ಸರಾಸರಿ. ಪರದೆಯ ತುಂಬ ಬೆಳಕು ಚೆಲ್ಲುವ ಎಚ್‌ಡಿಆರ್ ದೃಶ್ಯ ಬಂದಾಗ ಟಿವಿ 120ಕ್ಕೆ ಏರುತ್ತದೆ, ಪಿಎಸ್5 215ಕ್ಕೆ. ಹಾಗಾಗಿ ಗರಿಷ್ಠ 345 ಎಂದಿಟ್ಟುಕೊಳ್ಳಿ. ಎಷ್ಟು ದೊಡ್ಡ ಯುಪಿಎಸ್ ಎಂಬುದನ್ನು ಈ 345 ಹೇಳುತ್ತದೆ, ಎಷ್ಟು ನಿಮಿಷ ಎಂಬುದನ್ನು 300 ಹೇಳುತ್ತದೆ.

ಅಂಗಡಿಯ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟಿನದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದು ವಿಎ, ವಾಟನ್ನು ಮೂಲೆಯಲ್ಲಿ ಹುಡುಕಬೇಕು. ಟಿವಿ, ಪಿಎಸ್5 ಎರಡಕ್ಕೂ ಲೆಕ್ಕಕ್ಕೆ ಬರುವುದು ವಾಟೇ. 360ರಲ್ಲಿ 345 ಎಂದರೆ ಕಾಗದದ ಮೇಲೆ ಹಿಡಿಸುತ್ತದೆ, ಅಂಗಡಿಯವರ ಲೆಕ್ಕವೂ ಇದೇ ಇರಬೇಕು. ನಿಜದಲ್ಲಿ ಹಿಡಿಸುವುದಿಲ್ಲ. ಕಾರಣ ಅಲೆಯ ಆಕಾರದಲ್ಲಿದೆ.

ಈ ಬೆಲೆಯ ಯುಪಿಎಸ್‌ಗಳಲ್ಲಿ ಹೆಚ್ಚಿನವು ಬ್ಯಾಟರಿಯಲ್ಲಿ ಓಡುವಾಗ ಕೊಡುವುದು ಮೆಟ್ಟಿಲಿನಾಕಾರದ ಅಲೆ: ಒಮ್ಮೆಲೇ ಮೇಲೇರಿ, ಸಮತಟ್ಟಾಗಿ ನಿಂತು, ಸೊನ್ನೆಗೆ ಬಿದ್ದು, ಸ್ವಲ್ಪ ಹೊತ್ತು ಸೊನ್ನೆಯಲ್ಲೇ ಇದ್ದು, ಇನ್ನೊಂದು ದಿಕ್ಕಿಗೆ ಹಾರುತ್ತದೆ. ಪಿಎಸ್5ರ ಪವರ್ ಸಪ್ಲೈ ಸೈನ್ ಅಲೆಯ ಏರಿಳಿತವನ್ನು ಹಿಂಬಾಲಿಸಿ ನಯವಾಗಿ ಕರೆಂಟ್ ಎಳೆಯುವಂತೆ ಮಾಡಿರುವಂಥದ್ದು. ಮೆಟ್ಟಿಲಿನ ಅಲೆಯಲ್ಲಿ ಸೊನ್ನೆಯ ಹೊತ್ತಿನಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ, ಮೆಟ್ಟಿಲು ಏರಿದ ಕೂಡಲೇ ಬಾಕಿಯೆಲ್ಲವನ್ನೂ ಗಬಕ್ಕನೆ ಎಳೆಯುತ್ತದೆ. ಸರಾಸರಿ 345 ವಾಟ್ ಇದ್ದರೂ ಆ ಗಳಿಗೆಯ ಎಳೆತ ಅದಕ್ಕಿಂತ ಎಷ್ಟೋ ಹೆಚ್ಚು. ಯುಪಿಎಸ್ ಅದನ್ನು ಓವರ್‌ಲೋಡ್ ಎಂದು ತಿಳಿದು ಒಂದೇ ಸಮನೆ ಕೂಗಿ ಆಫ್ ಆಗುತ್ತದೆ. ಆದ್ದರಿಂದ ಮೆಟ್ಟಿಲಿನ ಅಲೆಯ ಯುಪಿಎಸ್‌ನಲ್ಲಿ ಗರಿಷ್ಠ ಹೊರೆ ಅದರ ವಾಟಿನ 65 ಶೇಕಡಾ ಮೀರಬಾರದು. ಶುದ್ಧ ಸೈನ್ ಅಲೆಯದ್ದಾದರೆ 75ರವರೆಗೆ ಹೋಗಬಹುದು. 345 ಅನ್ನು 0.65ರಿಂದ ಭಾಗಿಸಿದರೆ 530. ಮಾರುಕಟ್ಟೆಯಲ್ಲಿ ಅದಕ್ಕೆ ಮೇಲಿನ ಅಳತೆಯೇ 1000 ವಿಎ, 600 ವಾಟ್. ಸೈನ್ ಅಲೆಯದ್ದಕ್ಕೆ ಲೆಕ್ಕ 460ಕ್ಕೆ ಇಳಿದರೂ ನೀವು ಕೊಳ್ಳುವ ಅಳತೆ ಹೆಚ್ಚುಕಡಿಮೆ ಅದೇ ಆಗುತ್ತದೆ. ಎರಡರ ಬೆಲೆಯ ಅಂತರ ಭರಿಸಲು ಆಗುವುದಾದರೆ ಸೈನ್ ಅಲೆಯದ್ದನ್ನೇ ತಗೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಮೆಟ್ಟಿಲಿನ ಅಲೆಯಲ್ಲಿ ಪಿಎಸ್5 ಓಡಬಹುದು, ಓಡದೆಯೂ ಇರಬಹುದು. ಹಾಗಾಗಿ ಅದನ್ನೇ ಕೊಳ್ಳುವುದಾದರೆ ವಾಪಸ್ ತಗೊಳ್ಳುವ ಅಂಗಡಿಯಲ್ಲಿ ಕೊಂಡು, ಮೇಲೆ ಹೇಳಿದ ಐದು ಸಲದ ಪರೀಕ್ಷೆಯನ್ನು ಮೊದಲ ದಿನವೇ ಮಾಡಿ.

ಇನ್ನು ನಿಮಿಷಗಳ ಲೆಕ್ಕ. ಜನ ಹೆಚ್ಚು ಮೋಸಹೋಗುವುದು ಇಲ್ಲಿಯೇ. 600 ವಿಎ ಯುಪಿಎಸ್ ಒಳಗಿರುವುದು 12 ವೋಲ್ಟ್, 7 ಎಎಚ್ ಬ್ಯಾಟರಿ ಒಂದು. 12ನ್ನು 7ರಿಂದ ಗುಣಿಸಿದರೆ 84 ವಾಟ್-ಅವರ್. 300 ವಾಟ್ ಹೊರೆಗೆ, ಯುಪಿಎಸ್ ಒಳಗಿನ ನಷ್ಟ ಸೇರಿ ಬ್ಯಾಟರಿಯಿಂದ 375 ವಾಟ್ ಹೋಗುತ್ತದೆ. ಭಾಗಿಸಿದರೆ 13 ನಿಮಿಷ ಎಂದು ಬರುತ್ತದೆ. ನಿಜದಲ್ಲಿ ಸಿಗುವುದು ನಾಲ್ಕು ನಿಮಿಷ, ಅದೂ ಬ್ಯಾಟರಿ ಹೊಸದಿದ್ದಾಗ.

7 ಎಎಚ್ ಎಂಬ ಸಂಖ್ಯೆಯನ್ನು ಅಳೆಯುವುದು 20 ಗಂಟೆಯ ನಿಧಾನ ಬಳಕೆಯಲ್ಲಿ, ಅಂದರೆ ಗಂಟೆಗಟ್ಟಲೆ ಬರೀ 0.35 ಆಂಪಿಯರ್ ಎಳೆದು. ನಿಮ್ಮ ಹೊರೆ ಅದೇ ಬ್ಯಾಟರಿಯಿಂದ 31 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಅಷ್ಟು ವೇಗಕ್ಕೆ ಪ್ಲೇಟಿನ ಒಳಭಾಗದವರೆಗೆ ಆಮ್ಲ ತಲುಪಲು ಪುರಸೊತ್ತೇ ಇರುವುದಿಲ್ಲ. ಹೊರಮೈ ಮಾತ್ರ ಕೆಲಸ ಮಾಡಿ, ವೋಲ್ಟೇಜ್ ಕುಸಿದು, ಯುಪಿಎಸ್ ಕೈಚೆಲ್ಲುತ್ತದೆ. ಒಳಗೆ ಶಕ್ತಿ ಉಳಿದಿದ್ದರೂ ನಿಮಗೆ ದಕ್ಕುವುದಿಲ್ಲ.

ಎರಡು ಬ್ಯಾಟರಿಯ 1000 ವಿಎ ಯುಪಿಎಸ್‌ನಲ್ಲಿ ಅವನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಆಗ ಪ್ರತಿ ಬ್ಯಾಟರಿಯ ಎಳೆತ 16 ಆಂಪಿಯರಿಗೆ ಇಳಿಯುತ್ತದೆ. ಬ್ಯಾಟರಿ ಎರಡು ಪಟ್ಟಾದರೂ ಸಮಯ ಎರಡು ಪಟ್ಟಿಗಿಂತ ಹೆಚ್ಚಾಗುವುದು ಈ ಕಾರಣಕ್ಕೇ: 4 ನಿಮಿಷ ಇದ್ದದ್ದು 10, 11 ನಿಮಿಷವಾಗುತ್ತದೆ. ಎರಡು ವರ್ಷ ಕಳೆದ ಮೇಲೆ ಇದರ ಅರ್ಧ ಉಳಿದರೂ ನಿಮ್ಮ ಮೂರು ನಿಮಿಷದ ಕಟ್ಟಿಗೆ ಸಾಕು, ಕರೆಂಟ್ ಬರದೇ ಹೋದರೆ ಸೇವ್ ಮಾಡಿ ಆಫ್ ಮಾಡಲೂ ಸಮಯವಿದೆ. 600 ವಿಎಯ ನಾಲ್ಕು ನಿಮಿಷ ಅರ್ಧಕ್ಕೆ ಇಳಿದರೆ ಎರಡೇ ನಿಮಿಷ, ಕಟ್ ಮುಗಿಯುವ ಮೊದಲೇ ಆಟ ಮುಗಿದಿರುತ್ತದೆ. ಕೊಳ್ಳುವಾಗ ಒಂದನ್ನು ಗಟ್ಟಿಯಾಗಿ ಕೇಳಿ: ಒಳಗೆ ಬ್ಯಾಟರಿ ಎಷ್ಟು? 1000 ವಿಎ ಎಂದು ಬರೆದು ಒಂದೇ ಬ್ಯಾಟರಿ ಹಾಕಿದ ಅಗ್ಗದ ಮಾದರಿಗಳೂ ಇವೆ. ಎತ್ತಿ ನೋಡಿದರೆ ತೂಕವೇ ಹೇಳುತ್ತದೆ, ಈ ಬ್ಯಾಟರಿ ಒಂದೊಂದೂ ಎರಡು ಕಿಲೋ ಮೀರುತ್ತದೆ.

ಸಣ್ಣ ಯುಪಿಎಸ್ ಬ್ಯಾಟರಿ ಕಳಚಿ, ಮನೆಯ 150 ಎಎಚ್ ಬ್ಯಾಟರಿಯನ್ನು ತಂತಿ ಎಳೆದು ಸೇರಿಸಿಬಿಡೋಣ ಎಂಬ ಯೋಚನೆ ಹಲವರಿಗೆ ಬರುತ್ತದೆ. ದಯವಿಟ್ಟು ಬೇಡ. ಹತ್ತು ನಿಮಿಷ ಓಡಿ ತಣ್ಣಗಾಗಲಿ ಎಂದೇ ಅದರ ಟ್ರಾನ್ಸ್‌ಫಾರ್ಮರನ್ನು ಮಾಡಿರುತ್ತಾರೆ, ಗಂಟೆಗಟ್ಟಲೆ 300 ವಾಟ್ ಓಡಿದರೆ ಅದರ ಸುತ್ತುಗಳ ಹೊದಿಕೆ ಸುಡುತ್ತದೆ. ಅದರ ಚಾರ್ಜರ್ ಕೊಡುವುದು ಹೆಚ್ಚೆಂದರೆ ಒಂದು ಆಂಪಿಯರಿನ ಸುಮಾರು, ದೊಡ್ಡ ಬ್ಯಾಟರಿ ಅದರಿಂದ ವಾರವಾದರೂ ತುಂಬುವುದಿಲ್ಲ. ಟಿವಿ ಸ್ಟ್ಯಾಂಡಿನ ಹಿಂದೆ ಬೆಂಕಿ ಹೊತ್ತಿಕೊಳ್ಳುವ ದಾರಿ ಇದು.

ಇನ್ವರ್ಟರನ್ನೂ ಉಳಿಸಿಕೊಂಡು, ಅದರ ಸಾಕೆಟ್ಟಿಗೆ ಯುಪಿಎಸ್, ಯುಪಿಎಸ್‌ಗೆ ಪಿಎಸ್5 ಹಾಕಬಹುದು. ಮಿಲಿಸೆಕೆಂಡುಗಳನ್ನು ಯುಪಿಎಸ್ ನೋಡಿಕೊಳ್ಳುತ್ತದೆ, ಗಂಟೆಗಳನ್ನು ಇನ್ವರ್ಟರ್. ಇನ್ವರ್ಟರ್ ಸೈನ್ ವೇವ್ ಆಗಿದ್ದರೆ ಮಾತ್ರ ಈ ಜೋಡಿ ನಡೆಯುತ್ತದೆ. ಸ್ಕ್ವೇರ್ ವೇವ್ ಆದರೆ ಯುಪಿಎಸ್ ಅದನ್ನು ಕೆಟ್ಟ ಕರೆಂಟ್ ಎಂದೇ ತಿಳಿದು ತನ್ನ ಬ್ಯಾಟರಿಯಲ್ಲೇ ಓಡಿ, ಹತ್ತು ನಿಮಿಷಕ್ಕೆ ಖಾಲಿಯಾಗುತ್ತದೆ. ಹೊರಗೆ ನೋಡಿದರೆ ಇನ್ವರ್ಟರ್ ಚೆನ್ನಾಗಿಯೇ ಓಡುತ್ತಿರುತ್ತದೆ, ಯುಪಿಎಸ್ ಮಾತ್ರ ಬೀಪ್ ಬೀಪ್ ಎನ್ನುತ್ತಿರುತ್ತದೆ.

ಜೋಡಿಸುವಾಗ ಟಿವಿ, ಪಿಎಸ್5, ಇಂಟರ್ನೆಟ್ ಪೆಟ್ಟಿಗೆ ಮೂರನ್ನೂ ಯುಪಿಎಸ್‌ಗೇ ಹಾಕಿ. ಟಿವಿ ಹೊರಗಿದ್ದರೆ ಪರದೆ ಕಾಣದೆ ಸೇವ್ ಮಾಡಲಾಗದು; ಇಂಟರ್ನೆಟ್ ಪೆಟ್ಟಿಗೆ ಹೊರಗಿದ್ದರೆ ಆನ್‌ಲೈನ್ ಆಟದಿಂದ ಹೊರಬೀಳುತ್ತೀರಿ, ಅದು ಮತ್ತೆ ಎದ್ದು ನಿಲ್ಲಲು ಎರಡು ಮೂರು ನಿಮಿಷ ಬೇಕು. ಹೋಮ್ ಥಿಯೇಟರ್ ಇದ್ದರೆ ಅದನ್ನು ನೇರ ಕರೆಂಟಿಗೇ ಬಿಡಿ, ಮೆಟ್ಟಿಲಿನ ಅಲೆಯಲ್ಲಿ ಅದರ ಟ್ರಾನ್ಸ್‌ಫಾರ್ಮರ್ ಗುಂಯ್ಗುಡುತ್ತದೆ. ಕೆಲವು ಯುಪಿಎಸ್‌ಗಳ ಹಿಂದಿರುವ ಸಾಕೆಟ್ಟುಗಳಲ್ಲಿ ಒಂದೆರಡಕ್ಕೆ ಬ್ಯಾಟರಿ ಸಂಪರ್ಕವೇ ಇರುವುದಿಲ್ಲ, ಬರೀ ಸರ್ಜ್ ರಕ್ಷಣೆ ಮಾತ್ರ. ಹೊಸ ಯುಪಿಎಸ್‌ನಲ್ಲಿ ಕರೆಂಟ್ ಹೋದ ಕೂಡಲೇ ಒಂದು ಉಪಕರಣ ಮಾತ್ರ ಸತ್ತರೆ ಮೊದಲು ಸಾಕೆಟ್ ಬದಲಿಸಿ ನೋಡಿ.

ಯುಪಿಎಸ್ ಬಂದ ಮೇಲೂ ಏನಾದರೂ ಆಫ್ ಆದರೆ, ಆಫ್ ಆದ ಹೊತ್ತನ್ನು ಗಮನಿಸಿ. ಕರೆಂಟ್ ಹೋದ ಕ್ಷಣವೇ ಪಿಎಸ್5 ಸತ್ತು ಯುಪಿಎಸ್ ಓಡುತ್ತಿದ್ದರೆ ತಪ್ಪು ಅಲೆಯದ್ದು ಅಥವಾ ಬದಲಾವಣೆಯ ಹೊತ್ತಿನದ್ದು. ಯುಪಿಎಸ್ಸೇ ಒಂದೇ ಸಮನೆ ಕೂಗಿ ನಿಂತರೆ ಓವರ್‌ಲೋಡ್. ಅರ್ಧ ನಿಮಿಷ ಓಡಿ ನಿಂತರೆ ಬ್ಯಾಟರಿ ಮುಗಿದಿದೆ. ಹಳೆಯ ಬ್ಯಾಟರಿಯಲ್ಲಿ ಎರಡಕ್ಕೆ ಒಂದನ್ನು ಮಾತ್ರ ಬದಲಿಸಬೇಡಿ, ಹಳೆಯದು ಹೊಸದನ್ನೂ ಎಳೆದು ಕೆಡಿಸುತ್ತದೆ. ಆರು ತಿಂಗಳಿಗೊಮ್ಮೆ, ಮುಖ್ಯವಾಗಿ ಮೇ ಕೊನೆಯಲ್ಲಿ ಮಳೆ ಶುರುವಾಗುವ ಮೊದಲು, ಆಟ ಹಾಕಿ ಎಂಸಿಬಿ ಇಳಿಸಿ ಎಷ್ಟು ನಿಮಿಷ ಬರುತ್ತದೆ ಎಂದು ಗಡಿಯಾರ ನೋಡಿ; ಬೀಪ್ ಅವಸರವಾದ ಕೂಡಲೇ ಎಂಸಿಬಿ ಮೇಲೆತ್ತಿ. ಐದು ನಿಮಿಷಕ್ಕಿಂತ ಕೆಳಗಿಳಿದರೆ ಜೋಡಿ ಬದಲಿಸುವ ಕಾಲ. ಯುಪಿಎಸ್ ಅನ್ನು ಮುಚ್ಚಿದ ಟಿವಿ ಕಪಾಟಿನೊಳಗೆ, ಪಿಎಸ್5ರ ಬಿಸಿಗಾಳಿ ತಾಗುವಲ್ಲಿ ಇಡಬೇಡಿ. 25 ಡಿಗ್ರಿಯ ಮೇಲೆ ಪ್ರತಿ ಎಂಟು ಹತ್ತು ಡಿಗ್ರಿಗೆ ಇಂಥ ಬ್ಯಾಟರಿಯ ಆಯಸ್ಸು ಅರ್ಧವಾಗುತ್ತದೆ.

ಇನ್ನೊಂದು ಅಭ್ಯಾಸ ಬದಲಿಸಿಕೊಳ್ಳಿ. ಕಟ್ ಮೂರು ನಿಮಿಷ ದಾಟಿತೆಂದರೆ ಪಿಎಸ್5 ಅನ್ನು ರೆಸ್ಟ್ ಮೋಡಿಗೆ ಹಾಕಬೇಡಿ, ಪೂರ್ತಿ ಆಫ್ ಮಾಡಿ. ರೆಸ್ಟ್ ಮೋಡಿನಲ್ಲೂ ಅದಕ್ಕೆ ಕರೆಂಟ್ ಬೇಕು, ಡೌನ್‌ಲೋಡ್ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಯುಪಿಎಸ್ ಖಾಲಿಯಾದಾಗ ಸ್ಟೋರೇಜಿಗೆ ಬರೆಯುತ್ತಿರುವ ನಡುವೆಯೇ ಪಿಎಸ್5 ಸತ್ತುಹೋಗಬಹುದು. ಮುಂದಿನ ಸಲ ಆನ್ ಮಾಡಿದಾಗ ಸರಿಯಾಗಿ ಆಫ್ ಆಗಿರಲಿಲ್ಲ ಎಂಬ ಸಂದೇಶ, ಜೊತೆಗೆ ಸ್ಟೋರೇಜ್ ರಿಪೇರಿ. ಡೌನ್‌ಲೋಡ್ ಅರ್ಧಕ್ಕೆ ನಿಂತರೂ ಪರವಾಗಿಲ್ಲ, ಕರೆಂಟ್ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.